ಚಲನ್ ಕಟ್ಟಿದ್ದು ಇಲಾಖೆಗೆ ಗೊತ್ತಾಗುವುದು ಹೇಗೆ? 84 ರೂಪಾಯಿಯ ಒಂದು ಉದಾಹರಣೆ

"ರೊಕ್ಕ ಕಟ್ಟೀನ್ರಿ, ಮೊಬೈಲಿಗೆ ಮೆಸೇಜೂ ಬಂದೈತಿ. ಆಫೀಸಿನ್ಯಾಗ ಕೇಳಿದ್ರ ನಮಗ ಏನೂ ಬಂದಿಲ್ಲ ಅಂತಾರ." ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ, ಅದಕ್ಕೆ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಎಲ್ಲ ಶುಲ್ಕಗಳ ಬಗ್ಗೆ ಬರೆಯಲು ಹೋಗುವುದಿಲ್ಲ. ಜಾಸ್ತಿ ಜನ ಸಿಕ್ಕಿಬೀಳುವ ಒಂದನ್ನೇ ಹಿಡಿಯೋಣ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೀರಿ, ಕಚೇರಿಯಿಂದ "ಇಷ್ಟು ಪುಟ ಇವೆ, ಇಷ್ಟು ಹಣ ಕಟ್ಟಿ" ಅಂತ ಹಿಂಬರಹ ಬಂದಿದೆ, ಆ ಹಣವನ್ನು ನೀವೇ ಆನ್‌ಲೈನಿನಲ್ಲಿ ಚಲನ್ ಮಾಡಿ ಕಟ್ಟಬೇಕು. ಇದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಇಲ್ಲಿ ಹಣ ಕಟ್ಟಿದ ತಾರೀಖಿಗೆ ಬೆಲೆ ಇದೆ, ಆದರೆ ಹಣ ಬಂದ ಸುದ್ದಿ ನಿಮ್ಮ ಕಡತದವರೆಗೆ ತಾನಾಗಿ ಹೋಗಿ ಮುಟ್ಟುವುದಿಲ್ಲ.

ನಮ್ಮ ಉದಾಹರಣೆ ಹೀಗಿದೆ. ನೀವು ಇರುವುದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಅಜ್ಜನ ಹೊಲ ಶಿರಹಟ್ಟಿ ತಾಲ್ಲೂಕಿನಲ್ಲಿದೆ. ಹಳೆಯ ವಾರಸಾ ಕಡತದ ನಕಲು ಬೇಕು ಅಂತ ಅಲ್ಲಿನ ತಾಲ್ಲೂಕು ಕಚೇರಿಗೆ ಕಾಗದದ ಮೇಲೆ ಅರ್ಜಿ ಕೊಟ್ಟಿದ್ದೀರಿ. ಅರ್ಜಿ ಅವರ ಕೈ ಸೇರಿದ್ದು ಜೂನ್ 3. ಜೂನ್ 15ಕ್ಕೆ ಅವರು ಹಿಂಬರಹ ಕಳಿಸಿದ್ದಾರೆ: 42 ಪುಟ, ಪುಟಕ್ಕೆ 2 ರೂಪಾಯಿ, ಒಟ್ಟು 84 ರೂಪಾಯಿ. ಈ 84 ರೂಪಾಯಿಗೋಸ್ಕರ ಹುಬ್ಬಳ್ಳಿಯಿಂದ ಶಿರಹಟ್ಟಿಗೆ ಬಸ್ಸು ಹತ್ತುವುದು ಯಾರಿಗೆ ಬೇಕು, ಅಲ್ವಾ?

ಮೊದಲೇ ಎರಡು ಮಾತು. ನೀವು ಅರ್ಜಿ ಹಾಕಿದ್ದು ಸರ್ಕಾರದ ಮಾಹಿತಿ ಹಕ್ಕು ಜಾಲತಾಣದ ಮೂಲಕವಾದರೆ ಮುಂದಿನ ಶುಲ್ಕವನ್ನೂ ಅಲ್ಲೇ ಕಟ್ಟಿ, ಈ ಲೇಖನ ನಿಮಗಲ್ಲ. ಬಿಪಿಎಲ್ ಕಾರ್ಡ್ ಇದ್ದವರಿಗೆ ಮಾಹಿತಿ ಹಕ್ಕಿನಲ್ಲಿ ಇಂಥ 42 ಪುಟಕ್ಕೆ ಶುಲ್ಕವೇ ಇಲ್ಲ. ಕಾರ್ಡಿನ ನಕಲು ಕೊಟ್ಟರೆ ಮುಗಿಯಿತು, ಚಲನ್ ಗೊಡವೆ ಬೇಡ.

1. ಹಣ ಹೋಗಬೇಕಾದ್ದು ಖಜಾನೆಗೇ ಹೌದಾ, ನೋಡಿಕೊಳ್ಳಿ

ರಾಜ್ಯ ಸರ್ಕಾರದ ಇಲಾಖೆಗಳಿಗೆ ಕಟ್ಟುವ ಹಣ ಆ ಕಚೇರಿಯ ಸ್ವಂತ ಬ್ಯಾಂಕ್ ಖಾತೆಗೆ ಹೋಗುವುದಿಲ್ಲ, ಸರ್ಕಾರದ ಖಜಾನೆಗೆ ಹೋಗುತ್ತದೆ. ಅದರ ಲೆಕ್ಕ ನೋಡಿಕೊಳ್ಳುವ ತಂತ್ರಾಂಶಕ್ಕೆ ಖಜಾನೆ-2 ಅಂತ ಹೆಸರು. ವಿಳಾಸ ಇದು:

```
k2.karnataka.gov.in
```

ತಹಶೀಲ್ದಾರ್ ಕಚೇರಿ, ನೋಂದಣಿ ಇಲಾಖೆ, ಪೊಲೀಸ್, ಸರ್ಕಾರಿ ಕಾಲೇಜು, ಇವೆಲ್ಲ ಖಜಾನೆಯ ಲೆಕ್ಕ. ಆದರೆ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ, ಹೆಸ್ಕಾಂ, ಕರ್ನಾಟಕ ವಿಶ್ವವಿದ್ಯಾಲಯದಂಥವುಗಳಿಗೆ ಅವುಗಳದ್ದೇ ಖಾತೆ ಇರುತ್ತದೆ. ಪಾಲಿಕೆಗೆ ಕೊಡಬೇಕಾದ ಹಣವನ್ನು ಖಜಾನೆ ಚಲನ್ ಮಾಡಿ ಕಟ್ಟಿದರೆ ಅದು ಪಾಲಿಕೆಗೆ ಮುಟ್ಟುವುದಿಲ್ಲ. ಕೇಂದ್ರ ಸರ್ಕಾರದ ಕಚೇರಿಗಳ ದಾರಿಯೂ ಬೇರೆ. ಹಿಂಬರಹದಲ್ಲಿ ಯಾರ ಹೆಸರಿಗೆ, ಹೇಗೆ ಕಟ್ಟಬೇಕು ಅಂತ ಒಂದು ಸಾಲು ಇದ್ದೇ ಇರುತ್ತದೆ. ಅದನ್ನು ಎರಡು ಸಲ ಓದಿ.

ಜಾಲತಾಣದ ವಿಳಾಸ ಟೈಪ್ ಮಾಡಿಯೇ ಹೋಗಿ. ಹುಡುಕಿದಾಗ ಮೇಲೆ ಬರುವ ಜಾಹೀರಾತು ಲಿಂಕ್ ಒತ್ತಬೇಡಿ. ಕೊನೆಯಲ್ಲಿ karnataka.gov.in ಇಲ್ಲದಿದ್ದರೆ ಅದು ಖಜಾನೆ ಅಲ್ಲ, ಎಷ್ಟೇ ಚೆನ್ನಾಗಿ ಲಾಂಛನ ಹಾಕಿಕೊಂಡಿದ್ದರೂ.

2. ಕಚೇರಿಗೆ ಒಂದು ಫೋನ್ ಮಾಡಿ, ಎರಡೇ ಪ್ರಶ್ನೆ ಕೇಳಿ

ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ಒದ್ದಾಡುತ್ತಾರೆ. ಕೇಳಬೇಕಾದ್ದು ಇಷ್ಟೇ: "ಚಲನ್‌ನಲ್ಲಿ ಡಿಡಿಓ ಕಚೇರಿ ಯಾವುದು ಆರಿಸಬೇಕು? ಪರ್ಪಸ್ ಏನು ಹಾಕಬೇಕು?"

ಡಿಡಿಓ ಅಂದರೆ ಹಣ ಸೆಳೆಯುವ ಮತ್ತು ಬಟವಾಡೆ ಮಾಡುವ ಅಧಿಕಾರಿ. ಸರ್ಕಾರದ ಹಣದ ವಿಷಯದಲ್ಲಿ ಒಂದು ಕಚೇರಿಯ ಗುರುತು ಅಂದರೆ ಇವರೇ. ಸಂಬಳದ ಬಿಲ್ಲು ಮಾಡುವವರೂ ಇವರೇ, ಕಚೇರಿಗೆ ಬಂದ ಹಣದ ಲೆಕ್ಕ ಕಾಣುವುದೂ ಇವರ ಲಾಗಿನ್‌ನಲ್ಲಿ. ಚಲನ್ ಮಾಡುವಾಗ ನೀವು ಯಾವ ಡಿಡಿಓ ಆರಿಸುತ್ತೀರೋ ಆ ಕಚೇರಿಯ ಪಟ್ಟಿಯಲ್ಲಿ ನಿಮ್ಮ ಹಣ ಕಾಣುತ್ತದೆ. ಪಕ್ಕದ ಕಚೇರಿ ಆರಿಸಿದರೆ ಪಕ್ಕದ ಕಚೇರಿಯಲ್ಲಿ ಕಾಣುತ್ತದೆ. ಕಂಪ್ಯೂಟರಿಗೆ ನಿಮ್ಮ ಮನಸ್ಸಿನಲ್ಲಿದ್ದದ್ದು ಗೊತ್ತಾಗುವುದಿಲ್ಲ.

ನಮ್ಮ ಭಾಗದಲ್ಲಿ ಈ ತಪ್ಪು ಆಗುವುದು ಸುಲಭ. ಹುಬ್ಬಳ್ಳಿಯಲ್ಲೇ ನಗರ ತಾಲ್ಲೂಕು ಬೇರೆ, ಗ್ರಾಮೀಣ ಬೇರೆ. ಲಕ್ಷ್ಮೇಶ್ವರ ಮೊದಲು ಶಿರಹಟ್ಟಿ ತಾಲ್ಲೂಕಿನಲ್ಲಿತ್ತು, ಈಗ ಅದೇ ಒಂದು ತಾಲ್ಲೂಕು. ಅಣ್ಣಿಗೇರಿ, ಅಳ್ನಾವರ, ಗಜೇಂದ್ರಗಡ, ರಟ್ಟಿಹಳ್ಳಿ ಕೂಡ ಹೊಸ ತಾಲ್ಲೂಕುಗಳೇ. ಹೊಲದ ಉತಾರದಲ್ಲಿ ಹಳೆಯ ತಾಲ್ಲೂಕಿನ ಹೆಸರು ಇರಬಹುದು, ಹಿಂಬರಹ ಬಂದದ್ದು ಹೊಸ ತಾಲ್ಲೂಕಿನಿಂದ ಇರಬಹುದು. ಹಿಂಬರಹ ಯಾರು ಕಳಿಸಿದರೋ ಅವರನ್ನೇ ಕೇಳಿ. ಉತಾರ ನೋಡಿ ಊಹಿಸಬೇಡಿ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಒಮ್ಮೆ ಅವಸರದಲ್ಲಿ ಪಟ್ಟಿಯಲ್ಲಿ ಒಂದು ಸಾಲು ಕೆಳಗಿನ ಕಚೇರಿ ಒತ್ತಿ ಕಟ್ಟಿಬಿಟ್ಟೆ. ಹಣ ಸರಿಯಾಗಿಯೇ ಸರ್ಕಾರಕ್ಕೆ ಹೋಯಿತು, ಆದರೆ ನನ್ನ ಕಡತ ಇದ್ದ ಕಚೇರಿಗೆ ಅದು ಕಾಣಲೇ ಇಲ್ಲ. ಕೊನೆಗೆ ಎರಡನೇ ಸಲ ಕಟ್ಟಿದೆ.

3. ಚಲನ್ ತಯಾರಿಸಿ

ಖಜಾನೆ-2ರ ಮುಖಪುಟದಲ್ಲಿ ಚಲನ್ ತಯಾರಿಸುವ ಕೊಂಡಿ ಇದೆ. ಇದಕ್ಕೆ ಲಾಗಿನ್ ಬೇಕಿಲ್ಲ. ಫಾರಂನಲ್ಲಿ ಕೇಳುವುದು ಹಣ ಕಟ್ಟುವವರ ಹೆಸರು, ವಿಳಾಸ, ಮೊಬೈಲ್, ಆಮೇಲೆ ಜಿಲ್ಲೆ, ಇಲಾಖೆ, ಡಿಡಿಓ ಕಚೇರಿ, ಪರ್ಪಸ್, ಮೊತ್ತ, ಕಟ್ಟುವ ವಿಧಾನ.

ಹೆಸರಿನ ಜಾಗದಲ್ಲಿ ಅರ್ಜಿದಾರರ ಹೆಸರು ಹಾಕಿ, ಅರ್ಜಿಯಲ್ಲಿ ಬರೆದ ಹಾಗೆಯೇ. ಸೈಬರ್ ಅಂಗಡಿಯಲ್ಲಿ ಮಾಡಿಸಿದರೆ ಅಂಗಡಿಯ ಹುಡುಗ ಅಭ್ಯಾಸಬಲದಿಂದ ತನ್ನ ಮೊಬೈಲ್ ನಂಬರ್ ಹಾಕಿಬಿಡುತ್ತಾನೆ. ಆಮೇಲೆ ಬರುವ ಸಂದೇಶ ಅವನಿಗೆ ಹೋಗುತ್ತದೆ, ನಿಮಗಲ್ಲ. ಪಕ್ಕದಲ್ಲೇ ನಿಂತು ನೋಡಿ.

ಜಿಲ್ಲೆಯ ಜಾಗದಲ್ಲಿ ಬೇಕಾದ್ದು ಕಚೇರಿ ಇರುವ ಜಿಲ್ಲೆ, ನೀವು ಇರುವ ಜಿಲ್ಲೆ ಅಲ್ಲ. ನಮ್ಮ ಉದಾಹರಣೆಯಲ್ಲಿ ನೀವು ಧಾರವಾಡ ಜಿಲ್ಲೆಯವರು, ಕಚೇರಿ ಗದಗ ಜಿಲ್ಲೆಯದು. 1997ರವರೆಗೆ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯಲ್ಲೇ ಇದ್ದವು, ಹಿರಿಯರ ಬಾಯಲ್ಲಿ ಇನ್ನೂ "ಧಾರವಾಡ ಜಿಲ್ಲಾ" ಅಂತಲೇ ಬರುತ್ತದೆ. ಫಾರಂ ತುಂಬುವಾಗ ಆ ಅಭ್ಯಾಸ ಬೇಡ. ಜಿಲ್ಲೆ ತಪ್ಪಿದರೆ ಮುಂದಿನ ಪಟ್ಟಿಯಲ್ಲಿ ನಿಮ್ಮ ಕಚೇರಿ ಸಿಗುವುದೇ ಇಲ್ಲ, ಆಗ ಜನ ಹತ್ತಿರದ್ದು ಯಾವುದೋ ಒಂದನ್ನು ಒತ್ತಿ ಮುಂದೆ ಹೋಗುತ್ತಾರೆ.

ಇನ್ನು ಪರ್ಪಸ್, ಅಂದರೆ ಯಾತಕ್ಕೆ ಕಟ್ಟುತ್ತಿದ್ದೀರಿ ಅನ್ನುವುದು. ನಿಮಗೆ ಕಾಣುವುದು ಒಂದು ಸಣ್ಣ ಹೆಸರು ಮಾತ್ರ. ಅದರ ಹಿಂದೆ ಒಂದು ಉದ್ದನೆಯ ಅಂಕಿ ಇರುತ್ತದೆ, ಅದಕ್ಕೆ ಲೆಕ್ಕ ಶೀರ್ಷಿಕೆ ಅನ್ನುತ್ತಾರೆ. ಸರ್ಕಾರಕ್ಕೆ ಬರುವ ಪ್ರತಿ ರೂಪಾಯಿಯೂ ಯಾವುದಾದರೂ ಒಂದು ಶೀರ್ಷಿಕೆಯ ಕೆಳಗೆ ಹೋಗಿ ಕೂರಬೇಕು. ಮಾಹಿತಿ ಹಕ್ಕಿನ ಶುಲ್ಕದ ಶೀರ್ಷಿಕೆ 0070-60-118 ಅಂತ ಶುರುವಾಗುತ್ತದೆ. ಮುದ್ರಾಂಕ ಮತ್ತು ನೋಂದಣಿ ಶುಲ್ಕದ್ದು 0030, ಭೂಕಂದಾಯದ್ದು 0029. ನೀವು ಈ ಅಂಕಿಯನ್ನು ಟೈಪ್ ಮಾಡಬೇಕಿಲ್ಲ, ಪರ್ಪಸ್ ಆರಿಸಿದರೆ ತಾನೇ ಬರುತ್ತದೆ. ಆದರೆ ಚಲನ್ ಬಂದ ಮೇಲೆ ಒಮ್ಮೆ ಕಣ್ಣು ಹಾಯಿಸಿ. ಹೊಲದ ಕೆಲಸ ಅಂತ ಭೂಕಂದಾಯ ಆರಿಸಿದ್ದರೆ ಅಲ್ಲೇ ಗೊತ್ತಾಗುತ್ತದೆ, ಹಣ ಇನ್ನೂ ಹೋಗಿರುವುದಿಲ್ಲ.

ಮೊತ್ತ 84. ರೌಂಡ್ ಮಾಡಿ 100 ಹಾಕಬೇಡಿ, ಮಿಕ್ಕಿದ 16 ರೂಪಾಯಿಯನ್ನು ಕೌಂಟರಿನಲ್ಲಿ ಚಿಲ್ಲರೆ ಕೊಟ್ಟ ಹಾಗೆ ಯಾರೂ ವಾಪಸ್ ಕೊಡುವುದಿಲ್ಲ.

ಸಲ್ಲಿಸಿದ ಕೂಡಲೇ ಪರದೆಯ ಮೇಲೆ ಒಂದು ಸಂಖ್ಯೆ ಬರುತ್ತದೆ. CR ಅಂತ ಶುರುವಾಗಿ ಉದ್ದಕ್ಕೆ ಅಂಕಿಗಳಿರುತ್ತವೆ. ಇದೇ ಚಲನ್ ಉಲ್ಲೇಖ ಸಂಖ್ಯೆ. ಈ ಪರದೆಯಿಂದ ಮುಂದೆ ಹೋಗುವ ಮೊದಲು ಇದನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ, ಫೋಟೋನೂ ತೆಗೆಯಿರಿ. ಮುಂದೆ ಏನೇ ಕೆಟ್ಟರೂ ಇದೊಂದಿದ್ದರೆ ಹುಡುಕಬಹುದು.

ಇಲ್ಲೊಂದು ತಪ್ಪು ತಿಳುವಳಿಕೆ ಬಹಳ ಜನರಿಗಿದೆ. ಚಲನ್ ತಯಾರಾಯಿತು ಅಂದರೆ ಹಣ ಕಟ್ಟಿದ ಹಾಗೆ ಅಲ್ಲ. CR ಸಂಖ್ಯೆ ಬರೀ "ಇಂಥವರು, ಇಂಥ ಕಚೇರಿಗೆ, ಇಷ್ಟು ಹಣ ಕಟ್ಟಲಿದ್ದಾರೆ" ಅಂತ ಖಜಾನೆ ಬರೆದಿಟ್ಟುಕೊಂಡ ಒಂದು ಸಾಲು. ಚಲನ್ ಪ್ರಿಂಟ್ ತೆಗೆದು, ಹಣ ಕಟ್ಟದೆ, ಅದನ್ನೇ ಟಪಾಲಿಗೆ ಕೊಟ್ಟು ಬಂದವರನ್ನು ನೋಡಿದ್ದೇನೆ. ಚಲನ್‌ಗೆ ಕೊನೆಯ ದಿನಾಂಕವೂ ಇರುತ್ತದೆ, ಅದರ ಮೇಲೇ ಅಚ್ಚಾಗಿರುತ್ತದೆ. ಅದು ದಾಟಿದರೆ ಹೊಸದು ಮಾಡಬೇಕು.

4. ಹಣ ಕಟ್ಟಿ

ಆನ್‌ಲೈನ್ ಪಾವತಿ ಆರಿಸಿದ್ದರೆ ಅಲ್ಲಿಂದಲೇ ಬ್ಯಾಂಕಿನ ಪುಟಕ್ಕೆ ಹೋಗುತ್ತೀರಿ. ಹಣ ಕಟ್ಟಿದ ಮೇಲೆ ಬ್ಯಾಂಕು ನಿಮ್ಮನ್ನು ತಿರುಗಿ ಖಜಾನೆಯ ಪುಟಕ್ಕೆ ಕರೆತರುತ್ತದೆ. ಆ ಚಕ್ರ ತಿರುಗುವಾಗ ಹಿಂದೆ ಹೋಗುವ ಗುಂಡಿ ಒತ್ತಬೇಡಿ, ಪುಟ ರಿಫ್ರೆಶ್ ಮಾಡಬೇಡಿ.

ನೆಫ್ಟ್ ಆರಿಸಿದ್ದರೆ ಕಥೆ ಸ್ವಲ್ಪ ಬೇರೆ. ಯಾವ ಖಾತೆಗೆ, ಯಾವ ಐಎಫ್‌ಎಸ್‌ಸಿಗೆ ಕಳಿಸಬೇಕು ಅಂತ ಚಲನ್ ಮೇಲೆಯೇ ಇರುತ್ತದೆ. ಹೋದ ಸಲದ ಚಲನ್‌ನಲ್ಲಿದ್ದ ವಿವರಕ್ಕೆ ಈ ಸಲವೂ ಕಳಿಸಬೇಡಿ, ಈ ಚಲನ್ ನೋಡಿಯೇ ತುಂಬಿ, ಮೊತ್ತವೂ ಪೈಸೆಗೆ ಪೈಸೆ ಅಷ್ಟೇ ಇರಲಿ. ಹೊಂದದಿದ್ದರೆ ಹಣ ನಿಮ್ಮ ಖಾತೆಗೆ ವಾಪಸ್ ಬರುತ್ತದೆ, ನೀವು ಕಟ್ಟಿದ್ದೇನೆ ಅಂದುಕೊಂಡು ಕೂತಿರುತ್ತೀರಿ. 84 ರೂಪಾಯಿಗೆ ನೆಫ್ಟ್ ಯಾಕೆ ಬೇಕು, ನೆಟ್ ಬ್ಯಾಂಕಿಂಗೋ ಕಾರ್ಡೋ ಸಾಕು. ಬ್ಯಾಂಕು ಸೇವಾ ಶುಲ್ಕ ಅಂತ ಮೇಲೆ ಒಂದಿಷ್ಟು ಹಿಡಿದರೆ ಅದು ಸರ್ಕಾರದ ಲೆಕ್ಕಕ್ಕೆ ಸೇರುವುದಿಲ್ಲ.

ಕಟ್ಟಿದ ಮೇಲೆ ನಿಮ್ಮ ಕೈಯಲ್ಲಿ ಎರಡು ಸಂಖ್ಯೆ ಇರಬೇಕು. ಒಂದು ಖಜಾನೆಯ CR ಸಂಖ್ಯೆ, ಇನ್ನೊಂದು ಬ್ಯಾಂಕಿನ ವ್ಯವಹಾರ ಸಂಖ್ಯೆ. ಕಚೇರಿಯವರು ಕೇಳುವುದು ಮೊದಲನೆಯದು. ಬ್ಯಾಂಕಿನವರಿಗೆ ಅರ್ಥವಾಗುವುದು ಎರಡನೆಯದು. ತಹಶೀಲ್ದಾರ್ ಕಚೇರಿಗೆ ಬ್ಯಾಂಕಿನ ಮೆಸೇಜ್ ತೋರಿಸಿ ಜಗಳ ಮಾಡಿ ಉಪಯೋಗವಿಲ್ಲ, ಅದರಿಂದ ಅವರಿಗೆ ಏನೂ ಹುಡುಕಲು ಬರುವುದಿಲ್ಲ.

5. ಈಗ ಒಳಗೆ ಏನಾಗುತ್ತದೆ

ಇದು ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಖಾತೆಯಿಂದ 84 ರೂಪಾಯಿ ಕಡಿತವಾದ ಕ್ಷಣ ಸುದ್ದಿ ಗೊತ್ತಿರುವುದು ಬ್ಯಾಂಕಿಗೆ ಮಾತ್ರ. ಬ್ಯಾಂಕು ಆ ಸುದ್ದಿಯನ್ನು ಖಜಾನೆಗೆ ಮುಟ್ಟಿಸಬೇಕು. ಒಂದು ದಾರಿ ನಿಮ್ಮ ಮೊಬೈಲಿನ ಮೂಲಕವೇ ಹಾಯ್ದು ಹೋಗುತ್ತದೆ, ಅಂದರೆ ನೀವು ಬ್ಯಾಂಕಿನ ಪುಟದಿಂದ ಖಜಾನೆಯ ಪುಟಕ್ಕೆ ಮರಳುವಾಗ ಸುದ್ದಿಯೂ ನಿಮ್ಮ ಜೊತೆ ಬರುತ್ತದೆ. ಆ ಹೊತ್ತಿಗೆ ನೆಟ್ ಹೋದರೆ ಸುದ್ದಿ ದಾರಿಯಲ್ಲೇ ಬಿತ್ತು. ಹಣ ಹೋಗಿದೆ, ಪರದೆ ಬಿಳಿ ಆಗಿದೆ, ಎದೆ ಧಸಕ್ ಅಂದಿದೆ.

ಅದಕ್ಕೇ ಇನ್ನೊಂದು ದಾರಿ ಇರುತ್ತದೆ. ಖಜಾನೆಯ ಕಂಪ್ಯೂಟರ್ ನೇರವಾಗಿ ಬ್ಯಾಂಕಿನ ಕಂಪ್ಯೂಟರನ್ನು "ಈ CR ಸಂಖ್ಯೆಯ ಹಣ ಬಂತಾ?" ಅಂತ ಕೇಳುತ್ತದೆ. ಇದರಲ್ಲಿ ನಿಮ್ಮ ಮೊಬೈಲಿನ ಪಾತ್ರವೇ ಇಲ್ಲ. ನೀವು ಕಿಟಕಿ ಮುಚ್ಚಿ ಮಲಗಿದರೂ ಇದು ನಡೆಯುತ್ತದೆ. ಹಾಗಾಗಿ ರಾತ್ರಿ ಬಾಕಿ ಅಂತ ತೋರಿಸಿದ ಚಲನ್ ಬೆಳಿಗ್ಗೆ ಪಾವತಿಯಾಗಿದೆ ಅಂತ ತೋರಿಸಿದರೆ ಅದರಲ್ಲಿ ಮಾಯೆ ಏನೂ ಇಲ್ಲ.

ಇವೆರಡೂ ಬರೀ ಸುದ್ದಿ. ನಿಜವಾದ ಹಣ ಬ್ಯಾಂಕಿನಿಂದ ರಿಸರ್ವ್ ಬ್ಯಾಂಕಿನಲ್ಲಿರುವ ಸರ್ಕಾರದ ಖಾತೆಗೆ ಆಮೇಲೆ ಹೋಗುತ್ತದೆ, ಜೊತೆಗೆ ಒಂದು ಪಟ್ಟಿಯೂ ಹೋಗುತ್ತದೆ: ಈ ದಿನ ಈ ಈ ಚಲನ್‌ಗಳಿಗೆ ಇಷ್ಟಿಷ್ಟು ಬಂದಿದೆ ಅಂತ. ಖಜಾನೆಯ ಮಂದಿ ಇದಕ್ಕೆ ಸ್ಕ್ರೋಲ್ ಅನ್ನುತ್ತಾರೆ. ಈ ಪಟ್ಟಿಯ ಸಾಲುಗಳನ್ನು ತಮ್ಮಲ್ಲಿರುವ ಚಲನ್‌ಗಳ ಜೊತೆ ತಾಳೆ ನೋಡುತ್ತಾರೆ. ತಾಳೆಯಾದರೆ ಆ 84 ರೂಪಾಯಿ 0070ರ ಕೆಳಗೆ ಹೋಗಿ ಗಟ್ಟಿಯಾಗಿ ಕೂತಿತು ಅಂತ ಲೆಕ್ಕ.

ಇನ್ನು ಕಚೇರಿ. ತಾಲ್ಲೂಕು ಕಚೇರಿಗೆ ಬ್ಯಾಂಕಿನಿಂದ ಏನೂ ಬರುವುದಿಲ್ಲ. ಡಿಡಿಓ ಲಾಗಿನ್ ತೆರೆದು ನೋಡಿದರೆ ತಮ್ಮ ಕಚೇರಿಯ ಹೆಸರಿಗೆ ಬಂದ ಚಲನ್‌ಗಳು ಕಾಣುತ್ತವೆ: CR ಸಂಖ್ಯೆ, ಹೆಸರು, ಪರ್ಪಸ್, ಮೊತ್ತ, ದಿನಾಂಕ. ತೆರೆದು ನೋಡಿದರೆ ಮಾತ್ರ. ಮತ್ತೆ ಆ ಲಾಗಿನ್ ಇರುವುದು ಲೆಕ್ಕದ ವಿಭಾಗದಲ್ಲಿ, ನಿಮ್ಮ ಕಡತ ಇರುವುದು ಬೇರೊಬ್ಬ ಕೇಸ್ ವರ್ಕರ್ ಟೇಬಲ್ ಮೇಲೆ. "ನಮಗ ಏನೂ ಬಂದಿಲ್ಲ" ಅಂತ ಅವರು ಹೇಳುವುದು ಸುಳ್ಳಲ್ಲ. ಅವರ ಟೇಬಲ್ಲಿಗೆ ನಿಜವಾಗಿಯೂ ಏನೂ ಬಂದಿರುವುದಿಲ್ಲ.

ಇನ್ನೊಂದು ಸೂಕ್ಷ್ಮ ನೋಡಿ. ಡಿಡಿಓ ಪಟ್ಟಿಯಲ್ಲಿ ನಿಮ್ಮ ಹಣ ಕಂಡರೂ ಅದು ಯಾವ ಅರ್ಜಿಗೆ ಸೇರಿದ್ದು ಅಂತ ಆ ಸಾಲಿನಿಂದ ತಿಳಿಯುವುದಿಲ್ಲ. ಒಂದೇ ತಿಂಗಳಲ್ಲಿ ಇಬ್ಬರು ಬಸವರಾಜರು ಮಾಹಿತಿ ಹಕ್ಕಿನ ಹಣ ಕಟ್ಟಿದರೆ ಯಾರು ಯಾರು ಅಂತ ಹೇಗೆ ಹೇಳುವುದು?

ಆಸ್ತಿ ನೋಂದಣಿಯ ಕಾವೇರಿ ತಂತ್ರಾಂಶದಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ನಿಮ್ಮ ಅರ್ಜಿಯ ಒಳಗಿಂದಲೇ ಚಲನ್ ಹುಟ್ಟುತ್ತದೆ, ಹಾಗಾಗಿ ಯಾವ ಚಲನ್ ಯಾವ ಅರ್ಜಿಯದು ಅಂತ ಕಂಪ್ಯೂಟರಿಗೆ ಮೊದಲೇ ಗೊತ್ತು. ಹಣ ಬಂದ ಸುದ್ದಿ ಸೀದಾ ಆ ಅರ್ಜಿಗೆ ಹೋಗಿ ಅಂಟಿಕೊಳ್ಳುತ್ತದೆ. ನಾವೇ ಬೇರೆ ಕೂತು ಮಾಡಿದ ಚಲನ್‌ಗೆ ಆ ಅಂಟು ಇಲ್ಲ. ಅದನ್ನು ನಾವೇ ಅಂಟಿಸಬೇಕು, ಏಳನೇ ಹಂತದಲ್ಲಿ.

6. ಸ್ಥಿತಿ ನೋಡಿ, ಅವಸರ ಬೇಡ

ಖಜಾನೆ-2ರಲ್ಲೇ ಚಲನ್ ಹುಡುಕುವ ಜಾಗ ಇದೆ. CR ಸಂಖ್ಯೆ ಹಾಕಿದರೆ ಹಣ ಬಂದಿದೆಯೋ ಇಲ್ಲವೋ ತೋರಿಸುತ್ತದೆ. ಬಂದಿದೆ ಅಂತ ಇದ್ದರೆ ಆ ಚಲನ್ ಮತ್ತೊಮ್ಮೆ ಪ್ರಿಂಟ್ ತೆಗೆಯಿರಿ. ಕಟ್ಟುವ ಮೊದಲು ತೆಗೆದ ಪ್ರಿಂಟ್ ಹರಿದುಹಾಕಿ, ಎರಡೂ ಇಟ್ಟುಕೊಂಡರೆ ಒಂದು ದಿನ ತಪ್ಪಿ ಅದನ್ನೇ ಕೊಡುತ್ತೀರಿ.

ಖಾತೆಯಿಂದ ಹಣ ಹೋಗಿದೆ, ಖಜಾನೆಯಲ್ಲಿ ಬಾಕಿ ಅಂತಿದೆ. ಏನು ಮಾಡಬೇಕು? ಮೊದಲು, ಇನ್ನೊಂದು ಚಲನ್ ಮಾಡಿ ಮತ್ತೆ ಕಟ್ಟಬೇಡಿ. ಮುಂದಿನ ಕೆಲಸದ ದಿನದವರೆಗೆ ಕಾಯಿರಿ, ಮತ್ತೆ ಅದೇ CR ಸಂಖ್ಯೆ ಹಾಕಿ ನೋಡಿ, ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ. ಮೆಸೇಜ್ ನಂಬಬೇಡಿ, ಸ್ಟೇಟ್‌ಮೆಂಟೇ ನೋಡಿ, ಯಾಕೆಂದರೆ ಕಡಿತವಾದದ್ದು ಮೆಸೇಜಿನಲ್ಲಿ ಬಂದು ವಾಪಸ್ ಜಮಾ ಆದದ್ದು ಬರದೇ ಇರಬಹುದು. ಕಡೆಗೆ ಮೂರರಲ್ಲಿ ಒಂದು ಆಗುತ್ತದೆ. ಖಜಾನೆಯಲ್ಲಿ ಪಾವತಿ ಅಂತ ಬಂದರೆ ಕೆಲಸ ಮುಗಿಯಿತು. ಹಣ ಖಾತೆಗೆ ಮರಳಿದ್ದರೆ ಈಗ ಧೈರ್ಯವಾಗಿ ಹೊಸ ಚಲನ್ ಮಾಡಿ. ಎರಡೂ ಇಲ್ಲದೆ ಹಣ ನಡುವೆ ನೇತಾಡುತ್ತಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ, ಎರಡೂ ಸಂಖ್ಯೆ ಬರೆದು. ಹಣ ಕಡಿತವಾಗಿ ಪಡೆಯುವವರಿಗೆ ಖಚಿತವಾಗದ ಕಾರ್ಡ್ ಮತ್ತು ಯುಪಿಐ ಪಾವತಿಗಳಿಗೆ ರಿಸರ್ವ್ ಬ್ಯಾಂಕು 2019ರಲ್ಲಿ ಗಡುವು ಹಾಕಿದೆ: ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಹಣ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ದೂರಿನಲ್ಲಿ ಇದನ್ನು ಬರೆದರೆ ಕೌಂಟರಿನ ದನಿ ಸ್ವಲ್ಪ ಬದಲಾಗುತ್ತದೆ.

ಅವಸರಪಟ್ಟು ಎರಡು ಸಲ ಕಟ್ಟಿದಿರಿ, ಎರಡೂ ಪಾವತಿಯಾದವು ಅನ್ನಿ. ಈಗ ಬ್ಯಾಂಕಿಗೆ ಹೋಗಿ ಪ್ರಯೋಜನವಿಲ್ಲ, ಹಣ ಸರ್ಕಾರದ್ದಾಯಿತು. ವಾಪಸ್ ಬೇಕಾದರೆ ಆ ಡಿಡಿಓಗೆ ಅರ್ಜಿ ಕೊಡಬೇಕು, ಅವರು ಮರುಪಾವತಿ ಆದೇಶ ಮಾಡಿ ಖಜಾನೆಗೆ ಬಿಲ್ಲು ಕಳಿಸಬೇಕು. ದೊಡ್ಡ ಮೊತ್ತವಾದರೆ ಖಂಡಿತ ಬೆನ್ನು ಹತ್ತಿ. 84 ರೂಪಾಯಿಯಾದರೆ, ನನ್ನ ಮಟ್ಟಿಗೆ, ಬಸ್ ಚಾರ್ಜೇ ಜಾಸ್ತಿ.

7. ಚಲನ್ ಮತ್ತು ಕಡತವನ್ನು ನೀವೇ ಜೋಡಿಸಿ

ಹಣ ಬಂದಿದೆ ಅಂತ ಖಜಾನೆ ತೋರಿಸಿದ ದಿನವೇ ಒಂದು ಪತ್ರ ಬರೆಯಿರಿ. ಉದ್ದ ಬೇಡ. ಇಷ್ಟು ಸಾಕು:

"ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಗೆ. ತಮ್ಮ ಕಚೇರಿಯ ಜೂನ್ 15ರ ಹಿಂಬರಹ ಸಂಖ್ಯೆ ಇಂಥದ್ದರಂತೆ 42 ಪುಟಗಳ ಶುಲ್ಕ 84 ರೂಪಾಯಿಯನ್ನು ಜೂನ್ 22ರಂದು ಖಜಾನೆ-2ರ ಮೂಲಕ ಕಟ್ಟಿದ್ದೇನೆ. ಚಲನ್ ಸಂಖ್ಯೆ ಇಂಥದ್ದು. ಡಿಡಿಓ ಇಂಥ ಕಚೇರಿ. ಪಾವತಿಯಾದ ಚಲನ್ ಪ್ರತಿ ಲಗತ್ತಿಸಿದೆ. ಖಜಾನೆ-2ರಲ್ಲಿ ಪರಿಶೀಲಿಸಿ ನಕಲು ಕೊಡಲು ಕೋರುತ್ತೇನೆ."

ಹಿಂಬರಹದ ಸಂಖ್ಯೆ ಮತ್ತು CR ಸಂಖ್ಯೆ ಒಂದೇ ಕಾಗದದ ಮೇಲೆ ಬರಬೇಕು, ಈ ಪತ್ರದ ಕೆಲಸ ಅಷ್ಟೇ. ಇದನ್ನು ಹಿಡಿದುಕೊಂಡು ಕೇಸ್ ವರ್ಕರ್ ಲೆಕ್ಕದ ವಿಭಾಗಕ್ಕೆ ಹೋದರೆ ಅವರು ಸಂಖ್ಯೆ ಹಾಕಿ ನೋಡಿ ಹೌದು ಅನ್ನುತ್ತಾರೆ. ಬರೀ ಪ್ರಿಂಟ್ ನೋಡಿ ಒಪ್ಪುವುದಿಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಚಲನ್ ಪ್ರತಿಯನ್ನು ಮೊಬೈಲಿನಲ್ಲೇ ತಿದ್ದುವ ಕಾಲ ಇದು, ಪರಿಶೀಲಿಸುವುದೇ ಸರಿ.

ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಆ ಕಡೆ ಹೋಗುವವರಿದ್ದರೆ ಮುದ್ದಾಂ ಕೊಡಿಸಿ, ಇನ್ನೊಂದು ಪ್ರತಿಯ ಮೇಲೆ ಟಪಾಲು ವಿಭಾಗದ ಸೀಲು, ದಿನಾಂಕ ಹಾಕಿಸಿಕೊಳ್ಳಲು ಹೇಳಿ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ಟಪಾಲು ಪುಸ್ತಕದಲ್ಲಿ ಏರುವುದಿಲ್ಲ.

8. ತಾರೀಖಿನ ಲೆಕ್ಕ

ಮಾಹಿತಿ ಹಕ್ಕು ಕಾಯ್ದೆಯ 7(1)ರ ಪ್ರಕಾರ ಅರ್ಜಿ ಕೈ ಸೇರಿದ 30 ದಿನದೊಳಗೆ ಮಾಹಿತಿ ಕೊಡಬೇಕು. ಆದರೆ 7(3)ರಲ್ಲಿ ಒಂದು ಮಾತಿದೆ: ಹಣ ಕಟ್ಟಿ ಅಂತ ಅವರು ಪತ್ರ ಕಳಿಸಿದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಅವಧಿ ಈ 30ರಲ್ಲಿ ಸೇರುವುದಿಲ್ಲ. ಗಡಿಯಾರ ಆಗ ನಿಂತಿರುತ್ತದೆ.

ನಮ್ಮ ಉದಾಹರಣೆಯಲ್ಲಿ ಅರ್ಜಿ ಸೇರಿದ್ದು ಜೂನ್ 3, ಹಾಗಾಗಿ 30 ದಿನ ಮುಗಿಯಬೇಕಿದ್ದು ಜುಲೈ 3ಕ್ಕೆ. ಪತ್ರ ಹೊರಟದ್ದು ಜೂನ್ 15, ನೀವು ಕಟ್ಟಿದ್ದು ಜೂನ್ 22. ನಡುವಿನ 7 ದಿನ ಬಿಟ್ಟರೆ ಗಡುವು ಜುಲೈ 10. ಹಿಂಬರಹವನ್ನು ಒಂದು ತಿಂಗಳು ಕಪಾಟಿನಲ್ಲಿಟ್ಟು ಆಮೇಲೆ ಕಟ್ಟಿದರೆ ಆ ಇಡೀ ತಿಂಗಳು ನಿಮ್ಮ ಲೆಕ್ಕಕ್ಕೇ ಹೋಗುತ್ತದೆ, ಕಚೇರಿಯ ತಡ ಅಂತ ದೂರಲು ಬರುವುದಿಲ್ಲ. ಗಡಿಯಾರ ಮತ್ತೆ ಶುರುವಾದ ದಿನ ಯಾವುದು ಅಂತ ತೋರಿಸುವ ದಾಖಲೆ ಪಾವತಿಯಾದ ಚಲನ್ ಒಂದೇ. CR ಸಂಖ್ಯೆ ಹುಟ್ಟಿದ ದಿನಾಂಕವಲ್ಲ, ಹಣ ಕಟ್ಟಿದ ದಿನಾಂಕ ನೋಡಿ. ಜೂನ್ 18ಕ್ಕೆ ಚಲನ್ ಮಾಡಿ 22ಕ್ಕೆ ಕಟ್ಟಿದ್ದರೆ 22 ಅಂತಲೇ ಎಣಿಸಬೇಕು.

ಶುಲ್ಕದ ಲೆಕ್ಕ ಕೊಡದೆ ಬರೀ "500 ರೂಪಾಯಿ ಕಟ್ಟಿ" ಅಂತ ಬಂದಿದ್ದರೆ ಕಟ್ಟುವ ಮೊದಲೇ ಕೇಳಿ. ಎಷ್ಟು ಪುಟ, ಪುಟಕ್ಕೆ ಎಷ್ಟು ಅಂತ ಲೆಕ್ಕ ತೋರಿಸಬೇಕು ಅಂತ ಅದೇ 7(3) ಹೇಳುತ್ತದೆ. ಕಟ್ಟಿದ ಮೇಲೆ ಕೇಳಿದರೆ ಮೇಲೆ ಹೇಳಿದ ಮರುಪಾವತಿಯ ದಾರಿಯೇ ಗತಿ.

ಜುಲೈ 10 ದಾಟಿದರೂ ನಕಲು ಬರಲಿಲ್ಲ ಅಂದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು. ಅದಕ್ಕೆ ಹಿಂಬರಹ, ಪಾವತಿಯಾದ ಚಲನ್, ಸೀಲು ಬಿದ್ದ ಪತ್ರದ ಪ್ರತಿ ಇಲ್ಲವೇ ಅಂಚೆ ರಸೀದಿ ಲಗತ್ತಿಸಿ. ಗಡುವು ಮೀರಿದ್ದು ಖಚಿತವಾದರೆ ಮಾಹಿತಿಯನ್ನು ಶುಲ್ಕವಿಲ್ಲದೆ ಕೊಡಬೇಕು ಅಂತ 7(6)ರಲ್ಲಿದೆ, ಅದನ್ನೂ ಮೇಲ್ಮನವಿಯಲ್ಲಿ ಒಂದು ಸಾಲು ಬರೆಯಿರಿ. ಕಟ್ಟಿದ 84 ರೂಪಾಯಿ ವಾಪಸ್ ಕೇಳುವುದಾದರೆ ಅದಕ್ಕೂ ಬೇಕಾಗುವುದು ಅದೇ CR ಸಂಖ್ಯೆ.